ಒಂದೇ ಎಡಿಟ್, ಹಲವು ಪರದೆ: ಮುಖ ಕತ್ತರಿಸದೆ, ಕ್ಯಾಪ್ಷನ್ ಮುಚ್ಚಿಹೋಗದೆ

ಯೂಟ್ಯೂಬ್‌ಗೆಂದು ಮಾಡಿದ ಅಡ್ಡ ವಿಡಿಯೊವನ್ನು ರೀಲ್ಸ್‌ಗೂ ಹಾಕಬೇಕೆಂದಾಗ ಬಹಳ ಮಂದಿ ಹಿಡಿಯುವುದು ಒಂದೇ ದಾರಿ. ಮುಗಿದ ಫೈಲನ್ನು ಮೊಬೈಲ್ ಆ್ಯಪ್‌ಗೆ ತಂದು, 9:16 ಎಂದು ಒತ್ತಿ, ನಡುಭಾಗ ಉಳಿಸಿಕೊಂಡು ಅಪ್‌ಲೋಡ್ ಮಾಡಿಬಿಡುತ್ತಾರೆ. ಕ್ಯಾಪ್ಷನ್ನಿನ ಎರಡೂ ತುದಿ ಹಾರಿಹೋಗಿರುತ್ತದೆ. ಎಡಕ್ಕೆ ಕೂತವರ ಒಂದು ಕಿವಿ, ಬಲಕ್ಕೆ ಕೂತವರ ಮೂಗು ಮಾತ್ರ ಚೌಕಟ್ಟಿನಲ್ಲಿ ಇರುತ್ತದೆ. ಉಳಿದ ಅಕ್ಷರಗಳ ಮೇಲೆ ಇನ್‌ಸ್ಟಾಗ್ರಾಂ ತನ್ನದೇ ಹೆಸರು, ಬಟನ್ನುಗಳನ್ನು ತಂದು ಕೂರಿಸುತ್ತದೆ.

ಕ್ರಾಪ್ ಮಾಡಿದ್ದರಲ್ಲಿ ತಪ್ಪಿಲ್ಲ, ಮುಗಿದ ಫೈಲನ್ನು ಕ್ರಾಪ್ ಮಾಡಿದ್ದು ತಪ್ಪು. ಆ ಫೈಲಿನಲ್ಲಿ ಚಿತ್ರವೂ ಅಕ್ಷರವೂ ಅಂಟಿಕೊಂಡು ಒಂದೇ ಆಗಿವೆ. ಚಿತ್ರವನ್ನು ಶಾಟ್‌ ಶಾಟ್‌ಗೂ ಬೇರೆಬೇರೆಯಾಗಿ ಸರಿಸಬೇಕು, ಅಕ್ಷರವನ್ನು ಪರದೆಗೆ ತಕ್ಕಂತೆ ಹೊಸದಾಗಿ ಕೂರಿಸಬೇಕು. ಎರಡನ್ನೂ ಬಿಡಿಸಿಡದೆ ಇದು ಆಗುವುದಿಲ್ಲ. ಆದ್ದರಿಂದ ಕೆಲಸ ಶುರುವಾಗುವುದು ಎಕ್ಸ್‌ಪೋರ್ಟ್ ಬಟನ್‌ನಿಂದಲ್ಲ, ಟೈಮ್‌ಲೈನ್‌ನಿಂದ. ಮೂಲ ಎಡಿಟ್‌ನಲ್ಲೇ ಚಿತ್ರಗಳು ಕೆಳಗಿನ ಟ್ರ್ಯಾಕುಗಳಲ್ಲಿ, ಹೆಸರಿನ ಪಟ್ಟಿ ಮತ್ತು ಲೋಗೊ ಅದರ ಮೇಲೆ, ಕ್ಯಾಪ್ಷನ್ ತನ್ನದೇ ಟ್ರ್ಯಾಕಿನಲ್ಲಿ ಇರಲಿ. ಕಟಿಂಗ್ ಪೂರ್ತಿ ಮುಗಿದು, ಇನ್ನು ಒಂದು ಫ್ರೇಮೂ ಅಲುಗಾಡುವುದಿಲ್ಲ ಎಂದಾದ ಮೇಲೆ ಆ ಟೈಮ್‌ಲೈನ್‌ನ ನಕಲು ಮಾಡಿ, ನಕಲಿನ ಅಳತೆಯನ್ನು 1080×1920 ಮಾಡಿಕೊಳ್ಳಬೇಕು. ಅದಕ್ಕೂ ಮೊದಲೇ ನಕಲು ಮಾಡಿದರೆ ಪ್ರತಿ ತಿದ್ದುಪಡಿಯನ್ನೂ ಎರಡೆರಡು ಕಡೆ ಮಾಡುತ್ತ ಕೂರಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಯಕ್ಷಗಾನದ ಚೌಕಿಯಲ್ಲಿ ಹಿರಿಯ ವೇಷಧಾರಿಯೊಬ್ಬರ ಸಂದರ್ಶನ ಎನ್ನಿ. ಕ್ಯಾಮೆರಾ 4ಕೆ, ಅಂದರೆ 3840×2160. ಕಲಾವಿದರೂ ಪ್ರಶ್ನೆ ಕೇಳುವವರೂ ಒಟ್ಟಿಗೆ ಕಾಣುವ ಒಂದು ಅಗಲ ಶಾಟ್, ಕಲಾವಿದರೊಬ್ಬರದೇ ಹತ್ತಿರದ ಶಾಟ್, ಬಣ್ಣ ಹಚ್ಚುವ ಕೈ, ಕೊನೆಗೆ ರಂಗದ ಮೇಲಿನ ಕುಣಿತ. ಇಷ್ಟರಲ್ಲಿ ಕ್ರಾಪ್‌ನ ಬಹುಪಾಲು ತಲೆನೋವು ಬಂದುಬಿಡುತ್ತದೆ.

ಮೊದಲು ಲೆಕ್ಕ. 2160 ಎತ್ತರದ ಚಿತ್ರದಲ್ಲಿ 9:16 ಆಕಾರದ ಕಿಟಕಿ ತೆರೆದರೆ ಅದರ ಅಗಲ 1215 ಪಿಕ್ಸೆಲ್. ಒಟ್ಟು ಅಗಲದಲ್ಲಿ ಇದು ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. 1215ನ್ನು 1080ಕ್ಕೆ ಇಳಿಸುವುದರಿಂದ ಚಿತ್ರ ಚೂಪಾಗಿಯೇ ಉಳಿಯುತ್ತದೆ. ಅದೇ 1920×1080ರಲ್ಲಿ ಶೂಟ್ ಮಾಡಿದ್ದರೆ ಕಿಟಕಿಯ ಅಗಲ ಬರೀ 608. ಅದನ್ನು 1080ಕ್ಕೆ ಹಿಗ್ಗಿಸಬೇಕು, ಅಂದರೆ 178%. ಮುಖದ ರೆಪ್ಪೆ, ಗಡ್ಡದ ಕೂದಲು ಮೆತ್ತಗಾಗುವುದು ಇಲ್ಲಿ. ಎರಡೂ ಕಡೆಗೆ ಬೇಕೆಂದು ಮೊದಲೇ ಗೊತ್ತಿದ್ದರೆ 4ಕೆಯಲ್ಲೇ ಶೂಟ್ ಮಾಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

4ಕೆಯಲ್ಲಿ ತೆಗೆದೂ ಆ ಲಾಭ ಕಳೆದುಕೊಳ್ಳುವ ಒಂದು ಗುಂಡಿ ಪ್ರೀಮಿಯರ್ ಪ್ರೊದಲ್ಲಿದೆ. ಕ್ಲಿಪ್‌ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ `Scale to Frame Size` ಆಯ್ಕೆ ಕ್ಲಿಪ್ಪನ್ನು ಮೊದಲೇ ಟೈಮ್‌ಲೈನ್ ಅಳತೆಗೆ ಕುಗ್ಗಿಸಿಬಿಡುತ್ತದೆ. ಆಮೇಲೆ ನೀವು ಹಿಗ್ಗಿಸುವುದು ಕುಗ್ಗಿದ ಚಿತ್ರವನ್ನು. ಇದನ್ನು ಪತ್ತೆಹಚ್ಚುವುದು ಸುಲಭ. ಲಂಬ ಚೌಕಟ್ಟು ತುಂಬಿದಾಗ 4ಕೆ ಕ್ಲಿಪ್‌ನ `Scale` 88.9ರ ಆಸುಪಾಸಿನಲ್ಲಿರಬೇಕು. ಅಲ್ಲಿ 316 ಎಂದೇನಾದರೂ ಕಂಡರೆ ಆ ಆಯ್ಕೆ ಆನ್ ಆಗಿದೆ ಎಂದೇ ತಿಳಿಯಿರಿ. ಟಿಕ್ ತೆಗೆದು, ಸ್ಕೇಲ್ ಮತ್ತೆ ಕೊಡಿ.

ಇನ್ನು ಮುಖ. ಒಬ್ಬರೇ ಇರುವ ಶಾಟ್‌ನಲ್ಲಿ ಪ್ರತಿ ಬಾರಿಯೂ ಕಣ್ಣಂದಾಜಿನಲ್ಲಿ ಎಳೆದಾಡುವುದಕ್ಕಿಂತ ಲೆಕ್ಕ ಹಾಕುವುದು ಬೇಗ ಮುಗಿಯುತ್ತದೆ. ಮೂಲ ಚಿತ್ರದಲ್ಲಿ ಕಲಾವಿದರ ಮುಖದ ನಡು ಎಡ ಅಂಚಿನಿಂದ 1050 ಪಿಕ್ಸೆಲ್ ದೂರದಲ್ಲಿದೆ ಎನ್ನಿ. ಚಿತ್ರದ ನಡುಗೆರೆ 1920. ವ್ಯತ್ಯಾಸ 870, ಅದನ್ನು 0.889ರಿಂದ ಗುಣಿಸಿದರೆ 773. ಪ್ರೀಮಿಯರ್‌ನಲ್ಲಿ ಲಂಬ ಟೈಮ್‌ಲೈನ್‌ನ ನಡು 540, ಆದ್ದರಿಂದ `Position`ನ ಮೊದಲ ಅಂಕಿ 540 + 773 = 1313 ಆಗಬೇಕು. ಬಲಕ್ಕೂ ಎಡಕ್ಕೂ ಗರಿಷ್ಠ 1166 ಪಿಕ್ಸೆಲ್ ಸರಿಸಬಹುದು. ಅದು ದಾಟಿದರೆ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ.

ಹಾಗೆಂದು ಮುಖವನ್ನು ನಟ್ಟನಡುವೆ ನೆಡಬೇಕಿಲ್ಲ. ಕಲಾವಿದರು ಬಲಕ್ಕೆ ನೋಡಿ ಮಾತಾಡುತ್ತಿದ್ದರೆ ಅವರ ಮುಂದೆ ಸ್ವಲ್ಪ ಜಾಗ ಬಿಟ್ಟು, ಮುಖವನ್ನು ನೂರು ಪಿಕ್ಸೆಲ್‌ನಷ್ಟು ಎಡಕ್ಕಿಡಿ. ಬಲಬದಿಯಲ್ಲಿ ಲೈಕ್, ಕಾಮೆಂಟ್ ಬಟನ್ನುಗಳ ಸಾಲು ಬರುವುದರಿಂದ ಅದಕ್ಕೂ ಇದು ಅನುಕೂಲ. ಎಡಕ್ಕೆ ನೋಡುವವರಿಗೆ ಮಾತ್ರ ಈ ನಿಯಮವನ್ನು ಪೂರ್ತಿ ಪಾಲಿಸಬೇಡಿ, ಮುಖ ಬಟನ್ನುಗಳ ಕೆಳಗೆ ಹೋಗಿಬಿಡುತ್ತದೆ. ಅವರನ್ನು ನಡುವಿಗೇ ಬಿಡಿ.

ಇಬ್ಬರು ಕೂತ ಶಾಟ್‌ನಲ್ಲಿ ಲೆಕ್ಕ ಬೇರೆಯೇ ಮಾತು ಹೇಳುತ್ತದೆ. ಒಬ್ಬರ ಮುಖ 1050ರಲ್ಲಿ, ಇನ್ನೊಬ್ಬರದು 2800ರಲ್ಲಿ. ನಡುವಿನ ದೂರ 1750. ನಮ್ಮ ಕಿಟಕಿ 1215. ಎಷ್ಟು ಸರಿಸಿದರೂ ಇಬ್ಬರೂ ಒಟ್ಟಿಗೆ ಬರುವುದಿಲ್ಲ, ಎಳೆದಾಡಿ ಪ್ರಯೋಜನವಿಲ್ಲ. 4:5 ಆಕಾರ ತೆಗೆದುಕೊಂಡರೂ ಕಿಟಕಿ 1728, ಅಲ್ಲೂ ಇಬ್ಬರಿಗೂ ಅರ್ಧರ್ಧ ಮುಖ. ಚೌಕಾಕಾರದಲ್ಲಿ 2160 ಸಿಗುತ್ತದೆ, ಅಲ್ಲಿ ಕಿವಿ ಅಂಚಿಗೆ ತಾಗುವಂತೆ ಹೇಗೋ ಕೂರುತ್ತಾರೆ. ಹೀಗಾಗಿ ಲಂಬ ಚೌಕಟ್ಟಿನಲ್ಲಿ ಎರಡೇ ಮರ್ಯಾದೆಯ ದಾರಿಗಳು.

ಮೊದಲನೆಯದು, ಶಾಟನ್ನು ಮಾತು ಬದಲಾಗುವ ಕಡೆ ಬ್ಲೇಡ್‌ನಿಂದ ಕತ್ತರಿಸಿ, ಮಾತಾಡುವವರ ಮೇಲೆ ಒಂದು ಕಿಟಕಿ, ಮತ್ತೊಬ್ಬರು ಮಾತು ಶುರುಮಾಡಿದಾಗ ಅವರ ಮೇಲೆ ಇನ್ನೊಂದು. ನೋಡುವವರಿಗೆ ಇದು ಎರಡು ಕ್ಯಾಮೆರಾದ ಕಟ್ ಥರವೇ ಕಾಣುತ್ತದೆ. ಕೀಫ್ರೇಮ್ ಹಾಕಿ ಒಬ್ಬರಿಂದ ಇನ್ನೊಬ್ಬರಿಗೆ ಜಾರಿಸುವ ಆಸೆ ಬರುತ್ತದೆ, ಬೇಡ. ನಡುವಿನ ಖಾಲಿ ಗೋಡೆ ಅರ್ಧ ಸೆಕೆಂಡ್ ಕಾಣುತ್ತದೆ, ಅಷ್ಟು ಹೊತ್ತಿನಲ್ಲಿ ಬೆರಳು ಮುಂದಿನ ರೀಲ್‌ಗೆ ಜಾರಿರುತ್ತದೆ.

ಎರಡನೆಯದು, ಇಬ್ಬರನ್ನೂ ಮೇಲೆ ಕೆಳಗೆ ಜೋಡಿಸುವುದು. ಪ್ರಶ್ನೆ ಕೇಳುವಾಗ ಕಲಾವಿದರ ಮುಖದಲ್ಲಿ ಬರುವ ನಗು ಮುಖ್ಯವಾಗಿದ್ದರೆ ಇದೇ ಸರಿ. ಪ್ರತಿ ಭಾಗ 1080×960. ಅದಕ್ಕೆ 4ಕೆ ಚಿತ್ರದಿಂದ 1215×1080ರ ತುಂಡು ಬೇಕು. ಇಲ್ಲೂ ಸ್ಕೇಲ್ 88.9 ಆಗಿಯೇ ಉಳಿಯುವುದರಿಂದ ಚೂಪು ಕೆಡುವುದಿಲ್ಲ. ಕೆಳಗಿನ ಭಾಗದಲ್ಲಿರುವವರ ಮುಖವನ್ನು ಆ ಭಾಗದ ಮೇಲ್ತುದಿಗೆ ಹತ್ತಿರ ಇಡಬೇಕು, ಏಕೆಂದರೆ ಅವರ ಎದೆಯಿಂದ ಕೆಳಗೆ ಹೇಗೂ ಆ್ಯಪ್‌ನ ಬರಹ ಕೂರುತ್ತದೆ. ಕ್ಯಾಪ್ಷನ್‌ಗೆ ಜಾಗ ಮೇಲಿನವರ ಎದೆಯ ಮಟ್ಟದಲ್ಲಿ, ಎರಡು ಭಾಗ ಸೇರುವ ಗೆರೆಯಿಂದ ತುಸು ಮೇಲೆ. ಆಗ ಯಾರ ಮುಖದ ಮೇಲೂ ಅಕ್ಷರ ಬರುವುದಿಲ್ಲ.

ಪ್ರೀಮಿಯರ್‌ನಲ್ಲಿ `Auto Reframe`, ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ `Smart Reframe` ಎಂಬ ಸೌಲಭ್ಯ ಇದೆಯಲ್ಲ, ಅದೇ ಇದನ್ನೆಲ್ಲ ಮಾಡುವುದಿಲ್ಲವೇ ಎಂದು ಕೇಳಬಹುದು. ಒಬ್ಬರೇ ನಡೆಯುವ, ಮಾತಾಡುವ ಶಾಟ್‌ಗಳಲ್ಲಿ ಅವು ಚೆನ್ನಾಗಿಯೇ ಮಾಡುತ್ತವೆ, ಸಮಯವೂ ಉಳಿಯುತ್ತದೆ. ನಮ್ಮ ಚೌಕಿಯಲ್ಲಿ ಮಾತ್ರ ಅವು ಎಡವುವ ಜಾಗಗಳು ನಾಲ್ಕಾರು. ಬಣ್ಣ ಹಚ್ಚುವ ಶಾಟ್‌ನಲ್ಲಿ ಅಲುಗಾಡುವುದು ಕೈ, ಚೌಕಟ್ಟು ಮುಖ ಬಿಟ್ಟು ಕೈಯ ಹಿಂದೆ ಹೋಗಬಹುದು. ಹಿಂದೆ ಕನ್ನಡಿಯಲ್ಲಿ ಇನ್ನೊಂದು ಮುಖ ಕಂಡರೆ ಅದನ್ನೇ ಹಿಡಿಯಬಹುದು. ಇನ್ನು ತೆಂಕುತಿಟ್ಟಿನ ಬಣ್ಣದ ವೇಷ: ಅಲ್ಲಿ ಕಿರೀಟ ಮುಖಕ್ಕಿಂತ ಎಷ್ಟೋ ಎತ್ತರ, ಎಷ್ಟೋ ಅಗಲ. ತಂತ್ರಾಂಶ ಮುಖವನ್ನು ಉಳಿಸಿದೆ ಎಂದೇ ತಿಳಿದುಕೊಳ್ಳುತ್ತದೆ, ಆದರೆ ಅರ್ಧ ಕಿರೀಟ ಕಳೆದುಕೊಂಡ ವೇಷವನ್ನು ಆಟ ನೋಡುವವರು ಯಾರೂ ಮುಖ ಎಂದು ಒಪ್ಪುವುದಿಲ್ಲ. ಅಂಥ ಶಾಟ್‌ಗಳನ್ನು ಕೈಯಿಂದಲೇ ಕೂರಿಸಿ, ಮುಖದ ನಡುವನ್ನಲ್ಲ, ಕಿರೀಟದ ನಡುವನ್ನು ಲೆಕ್ಕಕ್ಕೆ ಹಿಡಿಯಿರಿ.

ತಂತ್ರಾಂಶ ಮಾಡಿದ್ದನ್ನು ಪರೀಕ್ಷಿಸುವಾಗ ನಡುವನ್ನು ನೋಡಬೇಡಿ, ಎರಡು ಅಂಚುಗಳನ್ನು ನೋಡಿ. ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ಕದಲದೆ ಕೂತವರ ಶಾಟ್‌ನಲ್ಲೂ ಹಿನ್ನೆಲೆ ನಿಧಾನ ತೇಲುವುದು ಕಾಣುತ್ತದೆ. ಅಲ್ಲಿ ಕೀಫ್ರೇಮ್‌ಗಳನ್ನು ಅಳಿಸಿ ಒಂದೇ ಜಾಗಕ್ಕೆ ಕಟ್ಟಿಹಾಕಿ. ಶಾಟ್ ನಡುವೆ ವ್ಯಕ್ತಿ ನಿಜವಾಗಿ ಎದ್ದು ನಡೆದರೆ ಮಾತ್ರ ಚೌಕಟ್ಟು ಚಲಿಸಲಿ.

ಕುಣಿತದ ಶಾಟ್‌ಗೆ ನನ್ನ ಬಳಿ ಒಳ್ಳೆಯ ಮದ್ದಿಲ್ಲ. ಧೀಂಗಿಣ ಹಾಕುತ್ತ ರಂಗದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವವರನ್ನು ಕಿರಿದಾದ ಕಿಟಕಿಯಲ್ಲಿ ಹಿಂಬಾಲಿಸಿದರೆ ನೋಡುವವರಿಗೆ ತಲೆ ತಿರುಗುತ್ತದೆ. ಇಡೀ ಅಡ್ಡ ಚಿತ್ರವನ್ನು ಲಂಬ ಚೌಕಟ್ಟಿನೊಳಗೆ ಇಟ್ಟರೆ ಅದರ ಎತ್ತರ 608 ಪಿಕ್ಸೆಲ್ ಮಾತ್ರ, ವೇಷ ಬೆರಳುದ್ದ ಆಗುತ್ತದೆ. ನಡುವಿನ ಒಪ್ಪಂದವೆಂದರೆ ಬದಿಗಳನ್ನು ಸ್ವಲ್ಪ ಕತ್ತರಿಸಿ 1080×810ರಷ್ಟು ಮಾಡಿ, ಮೇಲೆ ಕೆಳಗೆ ಕಡುಬಣ್ಣ ತುಂಬುವುದು. ಆ ಖಾಲಿ ಜಾಗಕ್ಕೆ ಅದೇ ವಿಡಿಯೊವನ್ನು ಮಸುಕು ಮಾಡಿ ತುಂಬುವ ರೂಢಿ ಉಂಟು, ನನಗದು ಸೇರುವುದಿಲ್ಲ. ಮಸುಕಿನಲ್ಲೂ ಚಲನೆ ಇರುವುದರಿಂದ ಕಣ್ಣು ಅತ್ತ ಹೋಗುತ್ತದೆ.

ಚಿತ್ರ ಕೂತಿತು. ಈಗ ಅಕ್ಷರ ಎಲ್ಲಿ ಬರಬೇಕು? ರೀಲ್ಸ್ ಜಾಹೀರಾತುಗಳಿಗೆ ಮೆಟಾ ಕೊಟ್ಟಿರುವ ಸಲಹೆ ಹೀಗಿದೆ: ಮೇಲಿನ 14%, ಕೆಳಗಿನ 35%, ಎರಡೂ ಬದಿಯ 6% ಜಾಗದಲ್ಲಿ ಅಕ್ಷರ, ಲೋಗೊ ಇಡಬೇಡಿ. ನಮ್ಮ ಚೌಕಟ್ಟಿನಲ್ಲಿ ಅದು ಮೇಲೆ 269, ಕೆಳಗೆ 672, ಬದಿಗೆ 65 ಪಿಕ್ಸೆಲ್. ಜಾಹೀರಾತಲ್ಲದ ರೀಲ್‌ಗೆ ಕೆಳಗಿನ ಅಂಕಿ ತುಸು ಜಾಸ್ತಿಯೇ ಅನ್ನಿಸಬಹುದು, ಆದರೆ ಖಾತೆಯ ಹೆಸರು, ವಿವರಣೆ, ಹಾಡಿನ ಹೆಸರು ಎಲ್ಲ ಬರುವುದು ಅಲ್ಲೇ. ಶಾರ್ಟ್ಸ್‌ನಲ್ಲೂ ಬಟನ್ನುಗಳ ಸಾಲು ಬಲಕ್ಕಿದೆ, ಅಲ್ಲಿ 65 ಸಾಲದು. ರೀಲ್ಸ್‌ಗೊಂದು, ಶಾರ್ಟ್ಸ್‌ಗೊಂದು, ವಾಟ್ಸಾಪ್ ಸ್ಟೇಟಸ್‌ಗೊಂದು ಫೈಲ್ ಮಾಡುವ ಬದಲು ಮೂರಕ್ಕೂ ಹೊಂದುವ ಒಂದೇ ಗಡಿ ಹಾಕಿಕೊಳ್ಳುವುದು ಜಾಣತನ. ನಾನು ಬಳಸುವುದು ಮೇಲೆ 290, ಕೆಳಗೆ 670, ಎರಡೂ ಬದಿಗೆ 190.

ಎಡಕ್ಕೂ 190 ಏಕೆ, ಅಲ್ಲಿ ಬಟನ್ ಇಲ್ಲವಲ್ಲ ಎಂದರೆ ಎರಡು ಕಾರಣ. ಬಲಕ್ಕೆ ಮಾತ್ರ ಬಿಟ್ಟರೆ ಕ್ಯಾಪ್ಷನ್ನಿನ ನಡು ಚೌಕಟ್ಟಿನ ನಡುವಿನಿಂದ ಎಡಕ್ಕೆ ಸರಿದು, ಓರೆಯಾಗಿ ನೇತುಹಾಕಿದ ಹಾಗೆ ಕಾಣುತ್ತದೆ. ಇನ್ನೊಂದು ಫೋನಿನ ಆಕಾರ. ಈಗಿನ ಎಷ್ಟೋ ಫೋನುಗಳು 20:9, ವಿಡಿಯೊ 16:9ರಷ್ಟೇ ಉದ್ದ. ಪರದೆ ಪೂರ್ತಿ ತುಂಬಲೆಂದು ಆ್ಯಪ್ ಚಿತ್ರವನ್ನು ಹಿಗ್ಗಿಸಿದರೆ ಎರಡೂ ಬದಿಯಲ್ಲಿ 108 ಪಿಕ್ಸೆಲ್‌ನಷ್ಟು ಹೊರಗೆ ಹೋಗುತ್ತದೆ. 190ರ ಗಡಿಯಿದ್ದರೆ ಅಕ್ಷರಕ್ಕೆ ಏನೂ ಆಗುವುದಿಲ್ಲ.

ಹೀಗೆ ಉಳಿಯುವುದು 700 ಪಿಕ್ಸೆಲ್ ಅಗಲ. 56ರ ಗಾತ್ರದ ಕನ್ನಡ ಅಕ್ಷರದಲ್ಲಿ ಒಂದು ಸಾಲಿಗೆ ಹೆಚ್ಚೆಂದರೆ ಹನ್ನೆರಡು ಹದಿಮೂರು ಅಕ್ಷರ. ಅಡ್ಡ ವಿಡಿಯೊದ ಕ್ಯಾಪ್ಷನ್ ಇಲ್ಲಿಗೆ ಹಾಗೇ ಬಂದು ಕೂರುವುದಿಲ್ಲ. ಕಲಾವಿದರು ಹೇಳಿದ್ದು: "ಚುಟ್ಟಿ ಇಟ್ಟು ಬಣ್ಣ ಹಾಕ್ಲಿಕ್ಕೆ ಕೂತ್ರೆ ಏಳುವಾಗ ಮೂರು ಗಂಟೆ ಆಗ್ತದೆ." ತಂತ್ರಾಂಶಕ್ಕೇ ಬಿಟ್ಟರೆ ಅದು ಸಾಲು ತುಂಬಿದ ಕಡೆ ಮುರಿಯುತ್ತದೆ, "ಚುಟ್ಟಿ ಇಟ್ಟು ಬಣ್ಣ" ಒಂದು ಸಾಲು, "ಹಾಕ್ಲಿಕ್ಕೆ ಕೂತ್ರೆ ಏಳುವಾಗ" ಇನ್ನೊಂದು. ಮಾತಿನ ಉಸಿರು ಹಾಗಿಲ್ಲ. ಇದನ್ನು ಎರಡು ಕ್ಯಾಪ್ಷನ್ ಮಾಡಿ: ಮೊದಲು "ಚುಟ್ಟಿ ಇಟ್ಟು", ಅದರ ಕೆಳಗೆ "ಬಣ್ಣ ಹಾಕ್ಲಿಕ್ಕೆ ಕೂತ್ರೆ", ಅದು ಹೋದ ಮೇಲೆ "ಏಳುವಾಗ", ಕೆಳಗೆ "ಮೂರು ಗಂಟೆ ಆಗ್ತದೆ". ಅಂದರೆ ಲಂಬ ಆವೃತ್ತಿಗೆ ಬೇರೆಯೇ ಎಸ್‌ಆರ್‌ಟಿ ಫೈಲ್ ಬೇಕು. ಅಡ್ಡದ ಫೈಲಿನ ನಕಲು ತೆಗೆದು ಸಾಲುಗಳನ್ನು ಒಡೆದರೆ ಸಾಕು, ಸಮಯ ಹೊಸದಾಗಿ ಹಾಕುವ ಕೆಲಸ ಹೆಚ್ಚಿಲ್ಲ.

ಕನ್ನಡದ ಕ್ಯಾಪ್ಷನ್‌ಗೆ ಎತ್ತರದ ಸಮಸ್ಯೆಯೂ ಇದೆ. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನು ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಿಂದೆ ಕಪ್ಪು ಪಟ್ಟಿ ಹಾಕಿದ್ದರೆ ಒತ್ತಿನ ಬಾಲ ಪಟ್ಟಿಯಿಂದ ಹೊರಗೆ ಜೋತಾಡುತ್ತದೆ. ಅಂತರ ಹೆಚ್ಚಿಸಿ, ಪಟ್ಟಿಗೆ ಕೆಳಗಡೆ ಮಾತ್ರ ಒಂದಿಷ್ಟು ಜಾಸ್ತಿ ಜಾಗ ಕೊಡಿ. ಗಡಿಯನ್ನು ಅಳೆಯುವಾಗಲೂ ಒತ್ತಿನ ತುದಿಯಿಂದಲೇ ಅಳೆಯಬೇಕು.

ಇದಕ್ಕೂ ಮೊದಲು, ಬಳಸುವ ತಂತ್ರಾಂಶ ಕನ್ನಡವನ್ನು ಸರಿಯಾಗಿ ಕೂಡಿಸುತ್ತದೆಯೇ ನೋಡಿಕೊಳ್ಳಿ. "ರಾಷ್ಟ್ರ", "ಸ್ತ್ರೀ" ಎಂದು ಟೈಪ್ ಮಾಡಿದರೆ ತಿಳಿದುಬಿಡುತ್ತದೆ. "ರಾಷ್‌ಟ್‌ರ" ಎಂದು ಬಿಡಿಬಿಡಿಯಾಗಿ ಬಂದರೆ ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಪ್ರಿಫರೆನ್ಸ್‌ಗೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿಸಿ ತಂದ ಸ್ಕ್ರಿಪ್ಟ್ ಇದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಯೂಟ್ಯೂಬ್‌ಗೆ ಎಸ್‌ಆರ್‌ಟಿಯಾಗಿ ಹೋದಾಗ ರೋಮನ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ.

ಅಡ್ಡ ಆವೃತ್ತಿಯಲ್ಲಿ ಕ್ಯಾಪ್ಷನ್ನನ್ನು ಚಿತ್ರಕ್ಕೆ ಅಂಟಿಸದೆ ಎಸ್‌ಆರ್‌ಟಿಯನ್ನೇ ಯೂಟ್ಯೂಬ್‌ಗೆ ಕೊಡುವುದು ಮೇಲು. ಬೇಕಾದವರು ಹಾಕಿಕೊಳ್ಳುತ್ತಾರೆ, ಬೇಡದವರು ತೆಗೆಯುತ್ತಾರೆ. ಅಂಟಿಸಿದ್ದೂ ಇದ್ದು, ನೋಡುವವರು ಸಿಸಿ ಬಟನ್ ಕೂಡ ಒತ್ತಿದರೆ ಎರಡು ಸಾಲು ಒಂದರ ಮೇಲೊಂದು ಬೀಳುತ್ತದೆ. ಹೆಸರಿನ ಪಟ್ಟಿಗೆ ಟಿವಿಯವರ ಲೆಕ್ಕ ಸಾಕು: ಎಲ್ಲ ಅಂಚಿನಿಂದಲೂ 5% ಒಳಗೆ, ಅಂದರೆ 1920×1080ರಲ್ಲಿ ಬದಿಗೆ 96, ಮೇಲೆ ಕೆಳಗೆ 54 ಪಿಕ್ಸೆಲ್. ರೀಲ್ಸ್ ಮತ್ತು ಶಾರ್ಟ್ಸ್‌ನ ಲಂಬ ಆವೃತ್ತಿಗೆ ಮಾತ್ರ ಅಂಟಿಸಿಯೇ ಕಳಿಸಿ, ದನಿ ಮುಚ್ಚಿಕೊಂಡು ನೋಡುವವರೂ ಅಲ್ಲಿದ್ದಾರೆ.

ಗಡಿ ಪಾಲಿಸಿದ್ದೇವೋ ಇಲ್ಲವೋ ನೋಡಲು ಕೆಲವರು ಕೆಂಪು ಪಟ್ಟಿಗಳಿರುವ ಒಂದು ಪಿಎನ್‌ಜಿ ಚಿತ್ರವನ್ನು ಎಲ್ಲಕ್ಕಿಂತ ಮೇಲಿನ ಟ್ರ್ಯಾಕಿಗೆ ಹಾಕಿಕೊಳ್ಳುತ್ತಾರೆ. ಕೆಲಸ ಮಾಡುವಾಗ ಅದು ಒಳ್ಳೆಯದೇ, ಆದರೆ ಎಕ್ಸ್‌ಪೋರ್ಟ್ ಮಾಡುವಾಗ ಮರೆತು ಅದೂ ಸೇರಿ ಹೋಗುವುದುಂಟು. ಎಕ್ಸ್‌ಪೋರ್ಟ್ ಆದ ಫೈಲಿನ ಮೇಲೆಯೇ ಬೇರೆಯಾಗಿ ಪಟ್ಟಿ ಎಳೆದು ನೋಡಿದರೆ ಆ ಭಯ ಇಲ್ಲ. ಎಫ್‌ಎಫ್‌ಎಂಪೆಗ್ ಇದ್ದವರಿಗೆ ಈ ಆದೇಶ ಸಾಕು:

```
ffmpeg -i reel.mp4 -vf "drawbox=x=0:y=0:w=1080:h=290:color=red@0.4:t=fill,drawbox=x=0:y=1250:w=1080:h=670:color=red@0.4:t=fill,drawbox=x=0:y=0:w=190:h=1920:color=red@0.4:t=fill,drawbox=x=890:y=0:w=190:h=1920:color=red@0.4:t=fill" -c:a copy check.mp4
```

`check.mp4` ಓಡಿಸಿದಾಗ ಕೆಂಪಿನೊಳಗೆ ಯಾವುದೇ ಅಕ್ಷರ ಕಾಣಬಾರದು. ಮುಖಕ್ಕೆ ಇಷ್ಟು ಕಟ್ಟುನಿಟ್ಟು ಬೇಡ, ಗಲ್ಲ ಅಥವಾ ಕಿರೀಟದ ತುದಿ ಸ್ವಲ್ಪ ಕೆಂಪಿಗೆ ತಾಗಿದರೂ ನಡೆಯುತ್ತದೆ. ಕಣ್ಣು, ಬಾಯಿ ಮಾತ್ರ ಹೊರಗಿರಲಿ. ಆ್ಯಪ್‌ಗಳ ರೂಪ ಆಗಾಗ ಬದಲಾಗುವುದರಿಂದ ಕೊನೆಗೊಮ್ಮೆ ಫೋನಿನಲ್ಲೇ ನೋಡಬೇಕು. ಯೂಟ್ಯೂಬ್‌ಗೆ ಪ್ರೈವೇಟ್ ಆಗಿ ಹಾಕಿ, ಸಾಧ್ಯವಾದರೆ ಸಣ್ಣ ಪರದೆಯ ಹಳೆ ಫೋನಿನಲ್ಲಿ ತೆರೆಯಿರಿ.

ರೀಲ್‌ನ ಕವರ್ ಚಿತ್ರಕ್ಕೆ ಮತ್ತೊಂದು ಗಡಿ ಇದೆ. 2025ರ ಆರಂಭದಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದ ಚೌಕಗಳನ್ನು ಬಿಟ್ಟು 3:4ರ ಉದ್ದ ಚಿತ್ರಗಳಿಗೆ ಹೋಯಿತು. ಹಾಗಾಗಿ ಕವರ್‌ನ ಮೇಲೆ 240, ಕೆಳಗೆ 240 ಪಿಕ್ಸೆಲ್ ಅಲ್ಲಿ ಕಾಣುವುದಿಲ್ಲ. ಶೀರ್ಷಿಕೆಯೂ ಕಿರೀಟವೂ ಅದರ ನಡುವೆ ಬರಲಿ.

ಎಕ್ಸ್‌ಪೋರ್ಟ್‌ನಲ್ಲಿ ಹೇಳುವಂಥದ್ದು ಕಡಿಮೆ. ಎಚ್.264, ಶೂಟ್ ಮಾಡಿದಷ್ಟೇ ಫ್ರೇಮ್ ರೇಟ್, ಧ್ವನಿ ಎಎಸಿ 48 ಕಿಲೊಹರ್ಟ್ಸ್. ಯೂಟ್ಯೂಬ್ 30 ಫ್ರೇಮ್‌ವರೆಗಿನ 1080ಪಿ ವಿಡಿಯೊಗೆ 8 ಎಂಬಿಪಿಎಸ್ ಸಾಕೆನ್ನುತ್ತದೆ. ಲಂಬ ಆವೃತ್ತಿಯನ್ನು ಆ್ಯಪ್‌ಗಳು ಮತ್ತೊಮ್ಮೆ ಹಿಂಡುವುದರಿಂದ ನಾನು 12ರ ಹತ್ತಿರ ಇಡುತ್ತೇನೆ. ಯೂಟ್ಯೂಬ್‌ನಲ್ಲಿ ಇನ್ನೊಂದು ನೆನಪಿರಲಿ. 2024ರ ಅಕ್ಟೋಬರ್‌ನಿಂದ ಮೂರು ನಿಮಿಷದೊಳಗಿನ ಲಂಬ ಅಥವಾ ಚೌಕಾಕಾರದ ವಿಡಿಯೊ ತಾನಾಗಿಯೇ ಶಾರ್ಟ್ಸ್ ಸಾಲಿಗೆ ಸೇರುತ್ತದೆ. ಇಬ್ಬರೂ ಕಾಣಲೆಂದು ಮಾಡಿಕೊಂಡ ಚೌಕದ ತುಣುಕನ್ನು ಮಾಮೂಲಿ ವಿಡಿಯೊ ಎಂದುಕೊಂಡು ಅಲ್ಲಿ ಹಾಕಿದರೆ ಅದೂ ಶಾರ್ಟ್ಸ್ ಆಗಿಯೇ ಕಾಣಿಸಿಕೊಳ್ಳುತ್ತದೆ.

ಫೈಲುಗಳ ಹೆಸರಿನಲ್ಲಿ ಅಳತೆಯೂ ಆವೃತ್ತಿಯೂ ಇರಲಿ, `chowki_16x9_v3.mp4`, `chowki_9x16_v3.mp4` ಎಂಬಂತೆ. ಎಲ್ಲ ಕಳಿಸಿಯಾದ ಮೇಲೆ ಹೆಸರಿನ ಪಟ್ಟಿಯಲ್ಲಿ ಒಂದು ದೀರ್ಘ ತಪ್ಪಿದೆ ಎಂದು ಫೋನ್ ಬಂದರೆ ಎರಡೂ ಟೈಮ್‌ಲೈನ್‌ನಲ್ಲಿ ತಿದ್ದಿ, ಎರಡನ್ನೂ v4 ಮಾಡಿ. ತಪ್ಪು ಎಸ್‌ಆರ್‌ಟಿಯಲ್ಲಿ ಮಾತ್ರ ಇದ್ದರೆ ಯೂಟ್ಯೂಬ್‌ನಲ್ಲಿ ವಿಡಿಯೊ ಮುಟ್ಟದೆ ಆ ಫೈಲನ್ನಷ್ಟೇ ಬದಲಿಸಬಹುದು. ಅಕ್ಷರ ಅಂಟಿಸಿ ಕಳಿಸಿದ ರೀಲ್ ಅನ್ನು ಮಾತ್ರ ತೆಗೆದು ಹೊಸದಾಗಿಯೇ ಹಾಕಬೇಕು, ಬಂದ ಲೈಕುಗಳೂ ಅದರ ಜೊತೆಗೇ ಹೋಗುತ್ತವೆ.